ನಿಮಗಿದು ಗೊತ್ತೆ? ರಕ್ತದಲ್ಲಿ ಸಿಗುವ ಗಡ್ಡೆಯ ಗುರುತು

ಗಡ್ಡೆಯ ಕೋಶಗಳು ಸತ್ತಾಗ ಅವುಗಳ ಡಿಎನ್‌ಎ ಚೂರುಗಳು ರಕ್ತಕ್ಕೆ ಸೇರುತ್ತವೆ. ಅವು ಉಳಿಯುವುದು ಕೆಲವೇ ಗಂಟೆ. ಆದ್ದರಿಂದ ಶಸ್ತ್ರಚಿಕಿತ್ಸೆಯಾಗಿ ವಾರಗಳು ಕಳೆದ ಮೇಲೂ ಅವು ಸಿಕ್ಕರೆ, ದೇಹದಲ್ಲೆಲ್ಲೋ ಕ್ಯಾನ್ಸರ್ ಉಳಿದಿದೆ ಎಂದೇ ಅರ್ಥ. ಸ್ಕ್ಯಾನಿಂಗ್‌ಗೆ ಕಾಣದಷ್ಟು ಚಿಕ್ಕದನ್ನೂ ಹೀಗೆ ಹಿಡಿಯಬಹುದು. ಇದೇ ದ್ರವ ಬಯಾಪ್ಸಿ.

ಆಸ್ಟ್ರೇಲಿಯಾದ ವೈದ್ಯರು ಎರಡನೇ ಹಂತದ ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 455 ಜನರಲ್ಲಿ ಇದನ್ನು ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿನವರಲ್ಲಿ ಮೊದಲು ರೋಗಿಯ ಗಡ್ಡೆಯಲ್ಲಿರುವ ವಂಶವಾಹಿ ದೋಷವನ್ನು ಗುರುತಿಸಿದರು. ಶಸ್ತ್ರಚಿಕಿತ್ಸೆಯ ನಂತರ 4 ಮತ್ತು 7ನೇ ವಾರದ ರಕ್ತದಲ್ಲಿ ಅದೇ ದೋಷವನ್ನು ಹುಡುಕಿದರು. ಸಿಕ್ಕವರಿಗಷ್ಟೇ ಕಿಮೊ ಕೊಟ್ಟರು. ವಾಡಿಕೆಯ ಕ್ರಮದ ಇನ್ನೊಂದು ಗುಂಪಿನಲ್ಲಿ ಶೇ 28 ಮಂದಿಗೆ ಕಿಮೊ ಬೇಕಾದರೆ, ಇಲ್ಲಿ ಶೇ 15 ಮಂದಿಗೆ ಸಾಕಾಯಿತು. ರೋಗ ಮರುಕಳಿಸುವುದು ಮಾತ್ರ ಹೆಚ್ಚಲಿಲ್ಲ. ಬೇಡದ ಕಿಮೊದ ಸಂಕಟ ತಪ್ಪಿದ್ದು ಸಣ್ಣ ಲಾಭವಲ್ಲ.

ಆದರೆ ‘ಸಿಗಲಿಲ್ಲ’ ಎಂದರೆ ‘ಗುಣವಾಯಿತು’ ಎಂದಲ್ಲ. ಆ ಅಧ್ಯಯನದಲ್ಲಿ ಡಿಎನ್‌ಎ ಸಿಗದ ಕೆಲವರಿಗೂ ರೋಗ ಮರಳಿತು. ಕೆಲವು ಗಡ್ಡೆಗಳು, ಮುಖ್ಯವಾಗಿ ಮಿದುಳಿನವು, ರಕ್ತಕ್ಕೆ ಬಿಡುವ ಚೂರುಗಳೇ ತೀರಾ ಕಡಿಮೆ.

ಇಂಥ ಪರೀಕ್ಷೆಗಳು ಬೆಂಗಳೂರಿನಲ್ಲೂ ಲಭ್ಯ. ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿಯಿಂದ ಅಲ್ಲಿಗೆ 200 ಕಿ.ಮೀ.ಗೂ ಹೆಚ್ಚು ದೂರ. ಮಾಮೂಲಿ ಟ್ಯೂಬಿನಲ್ಲಿ ರಕ್ತ ಕಳಿಸಿದರೆ, ದಾರಿಯಲ್ಲೇ ಬಿಳಿರಕ್ತಕಣಗಳು ಒಡೆದು ಅವುಗಳ ಡಿಎನ್‌ಎ ನಡುವೆ ಗಡ್ಡೆಯದು ಮುಚ್ಚಿಹೋಗುತ್ತದೆ. ಕಣ ಒಡೆಯದಂತೆ ಕಾಯುವ ರಾಸಾಯನಿಕ ಬೆರೆಸಿದ ವಿಶೇಷ ಟ್ಯೂಬಿನಲ್ಲಾದರೆ, ಸಾಮಾನ್ಯ ಉಷ್ಣಾಂಶದಲ್ಲೇ ಮಾದರಿ ಹಲವು ದಿನ ಕೆಡದೆ ಉಳಿಯುತ್ತದೆ.