ಮಂಜೂರಾತಿ ಪತ್ರದೊಳಗೆ ಅಡಗಿರುವ ತಾರೀಖುಗಳು

ಸಣ್ಣ ಟ್ರಸ್ಟೊಂದಕ್ಕೆ ಅನುದಾನದ ಮಂಜೂರಾತಿ ಪತ್ರ ಬಂದಾಗ ಎಲ್ಲರ ಕಣ್ಣು ಹೋಗುವುದು ಮೊತ್ತದ ಮೇಲೆ. ಆ ಹಣವನ್ನು ಯಾವ ದಿನದೊಳಗೆ, ಯಾವ ಬಾಬ್ತಿಗೆ, ಯಾರ ಒಪ್ಪಿಗೆ ಪಡೆದು ಖರ್ಚು ಮಾಡಬೇಕು ಎಂಬುದು ಮಾತ್ರ ಪತ್ರದ ಎರಡನೆಯ ಪುಟ, ಬಜೆಟ್ ಅನುಬಂಧ, ಜೊತೆಗೆ ಸಹಿಯಾದ ಒಪ್ಪಂದ, ಆಮೇಲೆ ಬಂದ ಇಮೇಲ್ ಹೀಗೆ ನಾಲ್ಕು ಕಡೆ ಚದುರಿರುತ್ತದೆ. ಇವನ್ನೆಲ್ಲ ಒಂದೇ ಎಕ್ಸೆಲ್ ಹಾಳೆಗೆ ಇಳಿಸುವ ಕೆಲಸ ಟ್ರಸ್ಟಿನ ಲೆಕ್ಕಿಗರದು. ನೋಡಲು ನಕಲು ತೆಗೆಯುವ ಕೆಲಸದಂತೆ ಕಂಡರೂ ಅದು ಅಷ್ಟಕ್ಕೇ ಮುಗಿಯುವುದಿಲ್ಲ. ಪತ್ರದಲ್ಲಿ ಗಡುವು ಬಹುಮಟ್ಟಿಗೆ ತಾರೀಖಿನ ರೂಪದಲ್ಲಿ ಇರುವುದೇ ಇಲ್ಲ, ಅದನ್ನು ಲೆಕ್ಕ ಹಾಕಿ ತೆಗೆಯಬೇಕಾಗುತ್ತದೆ.

ಒಂದು ಉದಾಹರಣೆಯನ್ನು ಇಟ್ಟುಕೊಂಡರೆ ಇದು ಸ್ಪಷ್ಟವಾಗುತ್ತದೆ. ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ಗ್ರಂಥಾಲಯ ತೆರೆಯಲು ಒಂದು ಟ್ರಸ್ಟಿಗೆ ಕಂಪನಿಯೊಂದರ ಸಿಎಸ್‌ಆರ್ ನಿಧಿಯಿಂದ 12,00,000 ರೂಪಾಯಿ ಮಂಜೂರಾಗಿದೆ ಎಂದಿಟ್ಟುಕೊಳ್ಳಬಹುದು. ಮೊದಲ ಕಂತು ಶೇ. 60, ಅಂದರೆ 7,20,000 ರೂಪಾಯಿ. ಪತ್ರದ ಒಂದು ಷರತ್ತು ಹೀಗಿದೆ: ಮೊದಲ ಕಂತು ಕೈಸೇರಿದ ಒಂಬತ್ತು ತಿಂಗಳೊಳಗೆ ಅಥವಾ 2026ರ ಮಾರ್ಚ್ 31ರೊಳಗೆ, ಯಾವುದು ಮೊದಲೋ ಅಷ್ಟರಲ್ಲಿ ಪೂರ್ತಿ ಹಣ ಖರ್ಚಾಗಬೇಕು. ಇನ್ನೊಂದು ಷರತ್ತಿನ ಪ್ರಕಾರ, ಆ ಅವಧಿ ಮುಗಿದ 30 ದಿನಗಳೊಳಗೆ ಚಾರ್ಟರ್ಡ್ ಅಕೌಂಟೆಂಟ್ ಸಹಿ ಮಾಡಿದ ಹಣ ಬಳಕೆ ಪ್ರಮಾಣಪತ್ರ ತಲುಪಬೇಕು. ಹಣ ಖಾತೆಗೆ ಜಮೆಯಾದದ್ದು 2025ರ ಆಗಸ್ಟ್ 12ರಂದು.

ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರೆ 2026ರ ಮೇ 11 ಬರುತ್ತದೆ. ಕೈಬರಹದ ಡೈರಿಯಲ್ಲಿ ‘ಒಂಬತ್ತು ತಿಂಗಳು’ ಎಂದಷ್ಟೇ ಬರೆದುಕೊಂಡವರು ಮೇ ತಿಂಗಳನ್ನೇ ನಂಬಿ ಕೂರುತ್ತಾರೆ. ಆದರೆ ಮಾರ್ಚ್ 31 ಅದಕ್ಕಿಂತ ಮೊದಲು ಬರುವುದರಿಂದ ನಿಜವಾದ ಗಡುವು ಅದೇ. ಹಾಗಾಗಿ ಹಾಳೆಯಲ್ಲಿ ತಾರೀಖನ್ನು ಕೈಯಿಂದ ತುಂಬದೆ, ಜಮೆಯಾದ ದಿನವನ್ನು ಒಂದು ಕೋಶದಲ್ಲಿ, ಕೊನೆಯ ಮಿತಿಯನ್ನು ಇನ್ನೊಂದರಲ್ಲಿ ಇಟ್ಟು ಗಡುವನ್ನು ಸೂತ್ರದಿಂದ ಪಡೆಯುವುದು ಒಳ್ಳೆಯದು. C5ರಲ್ಲಿ ಜಮೆಯ ದಿನ, D5ರಲ್ಲಿ ಮಾರ್ಚ್ 31, E5ರಲ್ಲಿ ಖರ್ಚಿನ ಗಡುವು, F5ರಲ್ಲಿ ಪ್ರಮಾಣಪತ್ರದ ಗಡುವು ಇದ್ದರೆ ಸೂತ್ರಗಳು ಹೀಗಿರುತ್ತವೆ:

```
E5: =MIN(EDATE(C5,9)-1, D5)
F5: =E5+30
```

ಮೊದಲನೆಯದು ಮಾರ್ಚ್ 31 ಎಂದೂ ಎರಡನೆಯದು ಏಪ್ರಿಲ್ 30 ಎಂದೂ ತೋರಿಸುತ್ತದೆ. ಹಣ ಒಂದು ತಿಂಗಳು ತಡವಾಗಿ ಬಂದರೆ ಒಂದು ಕೋಶ ತಿದ್ದಿದರೆ ಸಾಕು. ಇಲ್ಲಿ ನಡೆಯುವ ಸಾಮಾನ್ಯ ತಪ್ಪೆಂದರೆ ಪತ್ರದ ಮೇಲಿನ ದಿನಾಂಕವನ್ನೇ C5ರಲ್ಲಿ ಹಾಕುವುದು. ಪತ್ರದ ದಿನ, ಒಪ್ಪಂದಕ್ಕೆ ಸಹಿ ಬಿದ್ದ ದಿನ, ಹಣ ಜಮೆಯಾದ ದಿನ ಮೂರೂ ಬೇರೆ ಬೇರೆ. ಷರತ್ತು ಯಾವುದರಿಂದ ಎಣಿಸುತ್ತದೆ ಎಂಬುದನ್ನು ನೋಡಿ, ಜಮೆಯ ದಿನವಾದರೆ ಅದನ್ನು ಬ್ಯಾಂಕ್ ಸ್ಟೇಟ್‌ಮೆಂಟಿನಿಂದಲೇ ತೆಗೆದುಕೊಳ್ಳಬೇಕು.

ಕಂಪನಿ ಮಾರ್ಚ್ 31ಕ್ಕೆ ಇಷ್ಟು ಅಂಟಿಕೊಳ್ಳುವುದಕ್ಕೆ ಕಾರಣ ಕಾನೂನಿನಲ್ಲಿದೆ. ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ಸಿಎಸ್‌ಆರ್ ಹಣಕ್ಕೆ ಆರ್ಥಿಕ ವರ್ಷದ ಲೆಕ್ಕ. ಟ್ರಸ್ಟಿಗೆ ಹಣ ವರ್ಗಾಯಿಸಿದ ಮಾತ್ರಕ್ಕೆ ಕಂಪನಿ ಖರ್ಚು ಮಾಡಿದಂತಾಗುವುದಿಲ್ಲ, ಟ್ರಸ್ಟು ಅದನ್ನು ಬಳಸಿದಾಗಲಷ್ಟೇ ಖರ್ಚಾದಂತೆ ಎಂದು ಕಂಪನಿ ವ್ಯವಹಾರಗಳ ಸಚಿವಾಲಯ 2021ರಲ್ಲಿ ಸ್ಪಷ್ಟಪಡಿಸಿದೆ. ಯೋಜನೆಯನ್ನು ‘ಮುಂದುವರಿಯುವ ಯೋಜನೆ’ ಎಂದು ಕಂಪನಿ ಗುರುತಿಸಿದ್ದರೆ ಮಾತ್ರ, ಉಳಿದ ಹಣವನ್ನು ವರ್ಷ ಮುಗಿದ 30 ದಿನಗಳೊಳಗೆ ಪ್ರತ್ಯೇಕ ಖಾತೆಗೆ ಹಾಕಿ ಮುಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಬಳಸಬಹುದು. ಆದ್ದರಿಂದ ಪತ್ರದಲ್ಲಿ ಆ ಮಾತು ಇದೆಯೋ ಇಲ್ಲವೋ ಎಂಬುದಕ್ಕೂ ಹಾಳೆಯಲ್ಲಿ ಒಂದು ಸಾಲು ಬೇಕು. ಗಡುವು ವಿಸ್ತರಿಸಿ ಎಂದು ಕೇಳಿದರೆ ಕಂಪನಿಗೆ ಒಪ್ಪಲು ಎಷ್ಟು ಜಾಗವಿದೆ ಎನ್ನುವುದು ಬಹುಪಾಲು ಅದರ ಮೇಲೆಯೇ ನಿಂತಿದೆ.

ಎರಡನೆಯ ಕಂತಿನ ಷರತ್ತು ಇನ್ನೂ ಸೂಕ್ಷ್ಮ. ಮೊದಲ ಕಂತಿನ ಶೇ. 75 ಖರ್ಚಾಗಿರುವುದನ್ನು ಪ್ರಮಾಣಪತ್ರದೊಂದಿಗೆ ತೋರಿಸಿ ಜನವರಿ 31ರೊಳಗೆ ಬೇಡಿಕೆ ಸಲ್ಲಿಸಬೇಕು ಎಂಬ ಮಾತು ಅನುಬಂಧದ ಅಡಿಟಿಪ್ಪಣಿಯಲ್ಲಿದೆ ಎಂದುಕೊಂಡರೆ, ಖರ್ಚಾಗಿರಬೇಕಾದ ಮೊತ್ತ 5,40,000 ರೂಪಾಯಿ. ಪುಸ್ತಕಕ್ಕೆ ಆರ್ಡರ್ ಕೊಟ್ಟರೆ ಅದು ಖರ್ಚಲ್ಲ, ಬಿಲ್ಲು ಬಂದು ಹಣ ಪಾವತಿಯಾಗಿರಬೇಕು. ಲೆಕ್ಕಪರಿಶೋಧಕರಿಗೆ ವೋಚರ್ ನೋಡಿ ಸಹಿ ಮಾಡಲು ಎರಡು ವಾರ ಬೇಕಾದರೆ ಪಾವತಿಗಳು ಜನವರಿ ಮಧ್ಯದೊಳಗೆ ಮುಗಿದಿರಬೇಕು. ಹೀಗೆ ದಾನಿಯ ಗಡುವಿನ ಪಕ್ಕದಲ್ಲಿ ಟ್ರಸ್ಟಿನ ಒಳಗಿನ ಗಡುವಿಗೂ ಒಂದು ಕಾಲಂ ಇರಬೇಕು. ದಿನನಿತ್ಯ ಕೆಲಸಕ್ಕೆ ಬರುವುದು ಈ ಎರಡನೆಯದೇ.

ಪ್ರತಿ ಷರತ್ತಿಗೂ ಒಂದು ಸಾಲು ಎಂಬ ನಿಯಮ ಇಟ್ಟುಕೊಂಡರೆ ಹಾಳೆ ಹಿಡಿತದಲ್ಲಿರುತ್ತದೆ. ಸಾಲಿನಲ್ಲಿ ಷರತ್ತಿನ ಸಂಖ್ಯೆ ಮತ್ತು ಪುಟ, ಪತ್ರದಲ್ಲಿದ್ದ ಹಾಗೆಯೇ ಅದರ ಪೂರ್ಣ ವಾಕ್ಯ, ಅದರ ಮುಂದೆ ಸರಳ ಮಾತಿನಲ್ಲಿ ಮಾಡಬೇಕಾದ ಕೆಲಸ, ಹೊಣೆ ಯಾರದು, ಮುಗಿದದ್ದಕ್ಕೆ ಪುರಾವೆ ಯಾವುದು ಎಂಬುದು ಇರಬೇಕು. ಮೂಲ ವಾಕ್ಯವನ್ನು ಬಿಟ್ಟು ಸಾರಾಂಶ ಮಾತ್ರ ಬರೆದರೆ ಆರು ತಿಂಗಳ ನಂತರ ಜಗಳ ಬರುವುದು ಅಲ್ಲೇ. ‘ಬಾಬ್ತುಗಳ ನಡುವೆ ಶೇ. 10ಕ್ಕಿಂತ ಹೆಚ್ಚು ಬದಲಾವಣೆಗೆ ಲಿಖಿತ ಒಪ್ಪಿಗೆ ಬೇಕು’ ಎಂಬ ಷರತ್ತನ್ನೇ ನೋಡಬಹುದು. ಕಪಾಟುಗಳ ಬಾಬ್ತು 3,50,000 ರೂಪಾಯಿ ಇದ್ದರೆ ಅದರ ಹತ್ತನೇ ಒಂದು ಪಾಲು 35,000. ಒಟ್ಟು ಅನುದಾನದ ಹತ್ತನೇ ಒಂದು ಪಾಲು 1,20,000. ಷರತ್ತು ಯಾವುದನ್ನು ಹೇಳುತ್ತಿದೆ ಎಂದು ಆ ವಾಕ್ಯದಿಂದ ತಿಳಿಯುವುದಿಲ್ಲ. ಇಂಥ ಸಾಲಿಗೆ ಲೆಕ್ಕಿಗರು ತಮ್ಮ ಊಹೆ ತುಂಬಬಾರದು. ‘ಸ್ಪಷ್ಟನೆ ಬಾಕಿ’ ಎಂದು ಗುರುತು ಹಾಕಿ, ದಾನಿಗೆ ಇಮೇಲ್ ಬರೆದು, ಉತ್ತರ ಬರುವವರೆಗೆ ಚಿಕ್ಕ ಮೊತ್ತವನ್ನೇ ಮಿತಿಯಾಗಿ ಹಿಡಿಯುವುದು ಸುರಕ್ಷಿತ.

ಬಡ್ಡಿಯ ಸಾಲು ಬಹಳ ಹಾಳೆಗಳಲ್ಲಿ ಇರುವುದೇ ಇಲ್ಲ. ಕೇಂದ್ರ ಸರ್ಕಾರದ ಅನುದಾನವಾದರೆ 2017ರ ಸಾಮಾನ್ಯ ಹಣಕಾಸು ನಿಯಮಗಳಂತೆ, ಆ ಹಣದ ಮೇಲೆ ಬಂದ ಬಡ್ಡಿಯನ್ನು ಲೆಕ್ಕ ಅಂತಿಮವಾದ ಕೂಡಲೇ ಸರ್ಕಾರಕ್ಕೆ ಮರಳಿಸಬೇಕು. ಖಾಸಗಿ ದಾನಿಗಳು ಸಾಮಾನ್ಯವಾಗಿ ಅದನ್ನು ಅದೇ ಯೋಜನೆಗೆ ಸೇರಿಸಲು ಹೇಳುತ್ತಾರೆ. ಪ್ರಮಾಣಪತ್ರದ ನಮೂನೆಯೂ ಬದಲಾಗುತ್ತದೆ. ಕೇಂದ್ರದ ಅನುದಾನಕ್ಕೆ GFR 12-A ನಮೂನೆ, ವರ್ಷ ಮುಗಿದ 12 ತಿಂಗಳೊಳಗೆ ಎಂಬುದು ನಿಯಮದ ಮಿತಿ. ಮಂಜೂರಾತಿ ಆದೇಶ ಅದಕ್ಕಿಂತ ಬೇಗ ಕೇಳಿದ್ದರೆ ಹಾಳೆಗೆ ಹೋಗಬೇಕಾದದ್ದು ಆದೇಶದ ತಾರೀಖು.

ಪತ್ರ ಬಂದ ಮೇಲೂ ಷರತ್ತುಗಳು ಬದಲಾಗುತ್ತಿರುತ್ತವೆ. ಗಡುವು ವಿಸ್ತರಣೆಯಾದರೆ ಹಳೆಯ ಸಾಲನ್ನು ಅಳಿಸದೆ ‘ರದ್ದು’ ಎಂದು ಗುರುತಿಸಿ, ಕೆಳಗೆ ಹೊಸ ಸಾಲು ಸೇರಿಸಿ, ಒಪ್ಪಿಗೆಯ ಇಮೇಲಿನ ದಿನಾಂಕವನ್ನು ಪುರಾವೆಯ ಕಾಲಮ್ಮಿನಲ್ಲಿ ಬರೆಯಬೇಕು. ಲೆಕ್ಕಪರಿಶೋಧಕರು ಮೊದಲು ಕೇಳುವುದು ಆ ಇಮೇಲನ್ನೇ. ಫೋನಿನಲ್ಲಿ ‘ಪರವಾಗಿಲ್ಲ, ಮಾಡಿಕೊಳ್ಳಿ’ ಎಂದದ್ದು ಹಾಳೆಯ ಮಟ್ಟಿಗೆ ಒಪ್ಪಿಗೆಯಲ್ಲ. ಗಡುವು ದಾಟಿದ ಮೇಲೆ ಮಾಡಿದ ಖರ್ಚನ್ನು ದಾನಿ ಒಪ್ಪದಿದ್ದರೆ, ಬಿಲ್ಲು ಎಷ್ಟೇ ಸರಿಯಾಗಿದ್ದರೂ ಆ ಹಣವನ್ನು ಟ್ರಸ್ಟು ತನ್ನ ಸ್ವಂತ ನಿಧಿಯಿಂದಲೇ ಭರಿಸಬೇಕಾಗುತ್ತದೆ.