ವಾರ–ತಿಂಗಳ ಶಿಶುಗೀತೆ: ಪ್ರಾಸ ಹೊರುವ ಭಾರ

ಕಾಸರಗೋಡಿನ ಕನ್ನಡ ಶಿಶುವಿಹಾರವೊಂದರಲ್ಲಿ 'ತಿಂಗಳು' ಎಂಬ ಪದವನ್ನು ಉಚ್ಚರಿಸಿದೊಡನೆ ಮಗುವಿನ ಮನಸ್ಸಿನಲ್ಲಿ ಎರಡು ಅರ್ಥಗಳು ಏಳಬಹುದು. ಕನ್ನಡದಲ್ಲಿ ಅದು ಮಾಸ. ಬೀದಿಯಲ್ಲಿ ಕೇಳುವ ಮಲಯಾಳದಲ್ಲಿ 'ತಿಂಗಳ್' ಎಂದರೆ ಸೋಮವಾರ. ಎರಡರ ಬೇರೂ ಚಂದ್ರನೇ. ಹಳಗನ್ನಡದಲ್ಲಿ ತಿಂಗಳು ಚಂದ್ರನ ಹೆಸರಾಗಿತ್ತು. ಕನ್ನಡ ಅದನ್ನು ಚಂದ್ರನ ಒಂದು ಸುತ್ತಿಗೆ ಇಟ್ಟುಕೊಂಡಿತು, ಮಲಯಾಳ ಚಂದ್ರನ ವಾರಕ್ಕೂ ಇಟ್ಟುಕೊಂಡಿತು. ಮನೆಯ ಮಾತು ತುಳುವಾಗಿದ್ದರೆ ಭಾನುವಾರ 'ಐತಾರ', ಮಂಗಳವಾರ 'ಅಂಗಾರೆ'. ವಾರಗಳ ಹೆಸರನ್ನು ಹಾಡಾಗಿಸಿ ಕಲಿಸುವ ಶಿಕ್ಷಕಿಯ ಮುಂದಿರುವುದು ಇಂಥ ಮಗು. ಆ ಹಾಡಿನಲ್ಲಿ ಪ್ರಾಸ ಯಾವ ಕೆಲಸವನ್ನು ಮಾಡಬಲ್ಲದು, ಯಾವುದನ್ನು ಮಾಡಲಾರದು ಎಂಬುದನ್ನು ಛಂದಸ್ಸಿನ ನೆಲೆಯಿಂದ ನೋಡಬಹುದಾಗಿದೆ.

ಕನ್ನಡದ ಏಳು ಹೆಸರುಗಳೂ 'ವಾರ' ಎಂದೇ ಮುಗಿಯುತ್ತವೆ. ಅಂತ್ಯಪ್ರಾಸ ಪುಕ್ಕಟೆಯಾಗಿ ಒದಗಿದಂತೆ ಕಾಣುತ್ತದೆ. ಆದರೆ ಪ್ರಾಸ ನೆನಪಿಗೆ ನೆರವಾಗುವುದು ಮುಂದೆ ಬರಬಹುದಾದ ಪದಗಳ ಸಂಖ್ಯೆಯನ್ನು ಕಡಿಮೆ ಮಾಡುವುದರಿಂದ. ಏಳಕ್ಕೂ ಸಮಾನವಾದ ತುದಿ ಯಾವ ಹೆಸರನ್ನೂ ಹೊರಗಿಡುವುದಿಲ್ಲ. ಹಾಗಾಗಿ ಅದು ಕಿವಿಗೆ ಇಂಪೇ ಹೊರತು ಸುಳಿವಲ್ಲ. ಮಗು ಕಲಿಯಬೇಕಾದದ್ದು ಪದದ ಮೊದಲ ಭಾಗವನ್ನು, ಅಂದರೆ ಭಾನು, ಸೋಮ, ಮಂಗಳ ಎಂಬುದನ್ನು. ಅಲ್ಲಿಗೆ ತಕ್ಕದ್ದು ಹಳೆಯ ಕನ್ನಡ ಕಾವ್ಯದ ಆದಿಪ್ರಾಸ, ಎಂದರೆ ಎರಡನೆಯ ಅಕ್ಷರದ ಹೊಂದಿಕೆ.

ಹೆಸರುಗಳ ಮಾತ್ರೆಯನ್ನು ಎಣಿಸಿದರೆ ಇನ್ನೊಂದು ತೊಡಕು ಗೋಚರಿಸುತ್ತದೆ. ಭಾನುವಾರ, ಸೋಮವಾರ, ಶುಕ್ರವಾರ ಆರು ಮಾತ್ರೆಯವು. ಮೂರು ಮೂರರ ನಡೆಯಲ್ಲಿ, ಎರಡು ಚಪ್ಪಾಳೆಗೆ ಸರಿಯಾಗಿ ಕೂರುತ್ತವೆ. ಬುಧವಾರ, ಗುರುವಾರ, ಶನಿವಾರಗಳಿಗೆ ಐದೇ ಮಾತ್ರೆ. ಮಂಗಳವಾರಕ್ಕೆ ಏಳು. ಕೊನೆಯದನ್ನು ಆಡುಮಾತು ತಾನೇ ಪರಿಹರಿಸಿದೆ: 'ಮಂಗ್ಳವಾರ' ಎಂದೊಡನೆ ಆರು ಮಾತ್ರೆಯಾಗುತ್ತದೆ. ಐದರವು ಮಾತ್ರ ಹಾಡುವಾಗ ಹಿಗ್ಗಿ 'ಗುರೂವಾರ', 'ಶನೀವಾರ' ಎಂದಾಗುತ್ತವೆ. ಬಾಯಲ್ಲಿ ಇದರಿಂದ ಹಾನಿಯಿಲ್ಲ. ಎರಡು ವರ್ಷಗಳ ತರುವಾಯ ಅದೇ ದೀರ್ಘ ಬರವಣಿಗೆಯಲ್ಲಿ ಕಾಣಿಸಿಕೊಂಡರೆ, ತಪ್ಪಿನ ಮೂಲ ಕಾಗುಣಿತದ ಪಾಠದಲ್ಲಲ್ಲ, ಹಾಡಿನ ತಾಳದಲ್ಲಿದೆ ಎಂದು ತಿಳಿಯಬೇಕು. ಸ್ವರವನ್ನು ಎಳೆಯುವ ಬದಲು ಕೊರತೆಯ ಒಂದು ಮಾತ್ರೆಯನ್ನು ಮೌನಕ್ಕೆ ಬಿಟ್ಟು 'ಗುರು' ಎಂದು ನಿಂತು, ಅನಂತರ 'ವಾರ' ಎಂದರೆ ಹ್ರಸ್ವ ಉಳಿಯುತ್ತದೆ.

ಈ ಎರಡು ಅಂಶಗಳನ್ನು ಸೇರಿಸಿಕೊಂಡು ಒಂದು ಮಾದರಿಯನ್ನು ಹೀಗೆ ಕಟ್ಟಬಹುದು:

ಭಾನುವಾರ ಬಾನ ನೋಡು
ಸೋಮವಾರ ಮಾಮ ಬಂದ
ಮಂಗ್ಳವಾರ ಅಂಗ್ಳ ಗುಡಿಸು
ಬುಧವಾರ ಕದವ ತಟ್ಟು
ಗುರುವಾರ ಕರುವು ಬಂತು
ಶುಕ್ರವಾರ ಚಕ್ರ ಬಿಡಿಸು
ಶನಿವಾರ ಹನಿಯು ಬಿತ್ತು

ಇಲ್ಲಿ ಸಾಲಿನ ತುದಿಗಳು ಪ್ರಾಸಕ್ಕೆ ಬದ್ಧವಾಗಿಲ್ಲ. ಪ್ರಾಸ ಸಾಲಿನ ಒಳಗಿದೆ. ಮಗು ಹೆಸರನ್ನು ಮರೆತು ತಡೆದಾಗ ಶಿಕ್ಷಕಿ 'ಕರು' ಎಂದರೆ ಸಾಕು, 'ಗುರು' ಹೊರಡುತ್ತದೆ. ಪ್ರಾಸಾಕ್ಷರದ ಹಿಂದೆ ಗುರುವಿಗೆ ಗುರು, ಲಘುವಿಗೆ ಲಘು ಇರಬೇಕೆಂಬ ಹಳೆಯ ಕಟ್ಟಳೆಯೂ ಇಲ್ಲಿ ಅಲಂಕಾರವಾಗಿ ಉಳಿಯದೆ, ಸುಳಿವಿನ ತೂಕವನ್ನು ಹೆಸರಿನ ತೂಕಕ್ಕೆ ಸಮನಾಗಿಸುತ್ತದೆ. (ಬುಧ–ಕದದಲ್ಲಿ ಧಕಾರಕ್ಕೆ ದಕಾರ ಕೂಡಿದ್ದನ್ನು ಲಕ್ಷಣಕಾರರು ಒಪ್ಪಲಿಕ್ಕಿಲ್ಲ. ನಾಲ್ಕು ವರ್ಷದ ಬಾಯಿಗೆ ಮಹಾಪ್ರಾಣ ಇನ್ನೂ ಬಂದಿರುವುದಿಲ್ಲ.)

ಆದರೆ ಸುಳಿವಿನ ಪದ ಮಗುವಿಗೆ ಮೊದಲೇ ಗೊತ್ತಿರಬೇಕು. ಕಾಸರಗೋಡಿನ ತುಳು ಮನೆಗಳಲ್ಲಿ, ಹವ್ಯಕರ ಮನೆಗಳಲ್ಲಿಯೂ, ಅಂಗಳಕ್ಕೆ 'ಜಾಲು' ಎನ್ನುತ್ತಾರೆ. ಅಲ್ಲಿ ಮೂರನೆಯ ಸಾಲು ಒಂದು ಹೊಸ ಪದವನ್ನು ನೆನಪಿಡಲು ಇನ್ನೊಂದು ಹೊಸ ಪದವನ್ನು ಕೊಟ್ಟಂತಾಯಿತು. 'ಮಂಗ್ಳವಾರ ತೆಂಗು ನೆಟ್ಟ' ಎಂದು ಬದಲಿಸಿದರೆ ಆ ನಾಡಿಗೆ ಒಗ್ಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆ ಅಂಗಳಕ್ಕೆ ತೊಂದರೆಯಿಲ್ಲ, ಮರಾಠಿಯ 'ಅಂಗಣ' ಅದರ ನೆರೆಯಲ್ಲೇ ಇದೆ. ಅಲ್ಲಿ ಬದಲಾಗಬೇಕಾದದ್ದು ಮೊದಲ ಸಾಲು. ಭಾನುವಾರವನ್ನು ರವಿವಾರ ಎನ್ನುವ ಮಗುವಿಗೆ ಬಾನಿನ ಸುಳಿವು ವ್ಯರ್ಥ, 'ಕಿವಿ'ಯೋ 'ಸವಿ'ಯೋ ಬೇಕು. 'ಭಾನುವಾರ ರಜೆಯ ದಿನ' ಎಂಬ ರೂಢಿಯ ಸುಳಿವು ಕೂಡ ಎಲ್ಲೆಡೆ ನಡೆಯದು: ಕೇರಳದ ಕೆಲವು ಶಾಲೆಗಳಿಗೆ ವಾರದ ರಜೆ ಶುಕ್ರವಾರ.

ಹೀಗೆ ಕಟ್ಟಿದ ಹಾಡು ಕೂಡ ಹೆಸರನ್ನು ಕೊಡುತ್ತದೆಯೇ ಹೊರತು ಕ್ರಮವನ್ನು ಕಾಯುವುದಿಲ್ಲ. ಬುಧ, ಗುರು ಎರಡೂ ಐದು ಮಾತ್ರೆಯವು. ಆ ಎರಡು ಸಾಲುಗಳನ್ನು ಅದಲುಬದಲು ಮಾಡಿ ಹಾಡಿದರೆ ರಾಗವೂ ಕೆಡದು, ತಾಳವೂ ತಪ್ಪದು. ಕಿವಿಗೆ ತಿಳಿಯದ ತಪ್ಪನ್ನು ಗುಂಪಿನ ಹಾಡು ಮುಚ್ಚಿಹಾಕುತ್ತದೆ. ಮಗುವೊಂದನ್ನು ಪ್ರತ್ಯೇಕವಾಗಿ ಕರೆದು "ಶುಕ್ರವಾರದ ಹಿಂದಿನ ದಿನ ಯಾವುದು, ಮಗೂ?" ಎಂದು ಕೇಳಿದಾಗ ಅದು ಮೆಲುದನಿಯಲ್ಲಿ ಭಾನುವಾರದಿಂದ ಆರಂಭಿಸಿದರೆ, ಅದಕ್ಕೆ ಹಾಡು ಬಂದಿದೆ, ವಾರ ಬಂದಿಲ್ಲ. ವಾರವೆಂಬುದು ಚಕ್ರವಾದ್ದರಿಂದ ಹಾಡನ್ನು ದಿನವೂ ಅಂದಿನ ವಾರದಿಂದ ತೊಡಗಿ ಅದರ ಹಿಂದಿನ ವಾರದಲ್ಲಿ ನಿಲ್ಲಿಸುವುದು ಸರಳವಾದ ಉಪಾಯ. ಬುಧವಾರ ಬೆಳಿಗ್ಗೆ ಕದ ತಟ್ಟುವುದರಿಂದ ಹೊರಟು ಅಂಗಳ ಗುಡಿಸುವಲ್ಲಿಗೆ ಮುಗಿಸಿದರೆ, 'ನಿನ್ನೆ' ಎಂಬುದು ಹಾಡಿನ ಕೊನೆಯ ಸಾಲಾಗಿ ಸಿಕ್ಕುತ್ತದೆ.

ತಿಂಗಳುಗಳಲ್ಲಿ ಈ ತೊಡಕು ಇನ್ನಷ್ಟು ಬಲವಾಗಿದೆ. ಮಲಯಾಳದ ಪದ ನಕಾರ, ಣಕಾರ, ರೇಫಗಳಲ್ಲಿ ಸ್ವರವಿಲ್ಲದೆ ನಿಲ್ಲಬಲ್ಲದು. ಕನ್ನಡದ ನಾಲಿಗೆ ಉಕಾರವನ್ನು ಸೇರಿಸಿ ಜೂನು, ಆಗಸ್ಟು, ನವೆಂಬರು ಎನ್ನುತ್ತದೆ, ಮತ್ತು ಆ ಉಕಾರವಿದ್ದರೇ ಹಾಡು ಓಡುತ್ತದೆ. ಹಾಗೆ ಹಾಡಿದಾಗ ಸೆಪ್ಟೆಂಬರು, ಅಕ್ಟೋಬರು ತಲಾ ಆರು ಮಾತ್ರೆ. ನವೆಂಬರು, ಡಿಸೆಂಬರು ತಲಾ ಐದು. ನಾಲ್ಕಕ್ಕೂ ಒಂದೇ ತುದಿ. ಮಕ್ಕಳು ಈ ಜೋಡಿಗಳ ಒಳಗೇ ಸ್ಥಾನ ತಪ್ಪಿಸಿದರೆ ಅಚ್ಚರಿಯಿಲ್ಲ, ಹಾಡು ಅವರನ್ನು ತಡೆಯುವುದೇ ಇಲ್ಲ. ಇಲ್ಲಿ ಪ್ರಾಸವನ್ನು ಬಿಟ್ಟು ಕಣ್ಣಿಗೆ ಕಾಣುವ ಗುರುತಿಗೆ ಹೋಗಬೇಕು. ಅಕ್ಟೋಬರಿಗೆ ಗಾಂಧಿ ಜಯಂತಿ, ಡಿಸೆಂಬರಿಗೆ ಬೀದಿಯ ಕ್ರಿಸ್‌ಮಸ್ ನಕ್ಷತ್ರ. ನವೆಂಬರಿನ ಮೊದಲ ದಿನಕ್ಕೆ ಕಾಸರಗೋಡಿನಲ್ಲಿ ಎರಡು ಹೆಸರು: ಶಾಲೆಯಲ್ಲಿ ಕೇರಳಪ್ಪಿರವಿ, ಕನ್ನಡಿಗರಿಗೆ ರಾಜ್ಯೋತ್ಸವ. 1956ರ ಆ ದಿನವೇ ಊರು ಗಡಿಯಾಚೆ ಉಳಿದದ್ದನ್ನು ಮಗುವಿಗೆ ಹೇಳಬೇಕಾಗಿಲ್ಲ. ದಿನ ಮಾತ್ರ ನೆನಪಿಗೆ ಒದಗುತ್ತದೆ.

ಮನೆಯ ತಿಂಗಳುಗಳನ್ನು ಇದರೊಡನೆ ಹೊಸೆಯುವಾಗ ಎಚ್ಚರ ಬೇಕು. 'ಜುಲೈ ಎಂದರೆ ಆಟಿ' ಎಂಬ ಸಾಲು ಹಾಡಿಗೆ ಚೆನ್ನಾಗಿ ಕೂರುತ್ತದೆ, ಆದರೆ ಅರ್ಧ ಸುಳ್ಳು. ತುಳುವರ ಆಟಿ ಸೌರಮಾಸ. ಕರ್ಕ ಸಂಕ್ರಮಣದಿಂದ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಮಲಯಾಳದ ಕರ್ಕಿಡಕವೂ ಅದೇ. ಕನ್ನಡ ಪಂಚಾಂಗದ ಆಷಾಢ ಚಾಂದ್ರಮಾಸವಾದ್ದರಿಂದ ವರ್ಷವರ್ಷವೂ ಜರುಗುತ್ತದೆ. 2023ರಲ್ಲಿ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣವಿತ್ತು. ಹಾಡಿನ ಹನ್ನೆರಡು ಸಾಲುಗಳಲ್ಲಿ ಅದಕ್ಕೆ ಎಡೆಯೇ ಇರಲಿಲ್ಲ, ಅಜ್ಜಿಯ ಮಾತಿನಲ್ಲಿ ಆ ದಿನಗಳೆಲ್ಲ ಬರಿಯ ಆಟಿಯಾಗಿದ್ದವು. ಆದ್ದರಿಂದ ಎರಡು ಪಟ್ಟಿಗಳನ್ನು ಎರಡು ಹಾಡುಗಳಾಗಿ, ಎರಡು ಬೇರೆ ರಾಗಗಳಲ್ಲಿ ಇಡುವುದು ಲೇಸು. ಆಟಿಯ ಮಳೆ ಶುರುವಾದಾಗ ಗೋಡೆಯ ಕ್ಯಾಲೆಂಡರಿನಲ್ಲಿ ಜುಲೈ ಹಾಳೆಯ ನಡುವೆ ಬೆರಳಿಟ್ಟು ತೋರಿಸಿದರಾಯಿತು.