ಅರಬ್ಬಿ ಗದ್ಯದಲ್ಲಿ ಉಪಮೆ, ರೂಪಕ, ಲಕ್ಷಣೆ

ಸರ್ಫ್ ಮತ್ತು ನಹ್ವ್, ಅಂದರೆ ಪದರೂಪ ಮತ್ತು ವಾಕ್ಯರಚನೆ, ಇವೆರಡನ್ನೂ ಮುಗಿಸಿದ ಅರಬ್ಬಿ ವಿದ್ಯಾರ್ಥಿಯ ಮುಂದೆ ಬಲಾಗಾ ಬಂದು ನಿಲ್ಲುತ್ತದೆ. ನಮ್ಮ ದೇಶದ ಮದರಸಾಗಳಲ್ಲಿ ಇದಕ್ಕೆ ಬಹುಕಾಲದಿಂದ ನಡೆದು ಬಂದ ಪುಸ್ತಕಗಳಿವೆ. ಮೊದಲು ‘ದುರೂಸುಲ್ ಬಲಾಗಾ’ದಂಥ ಸಣ್ಣ ಪಠ್ಯ, ಆಮೇಲೆ 14ನೇ ಶತಮಾನದ ತಫ್ತಾಝಾನಿಯ ‘ಮುಖ್ತಸರುಲ್ ಮಆನೀ’. ಒಂದೇ ಅರ್ಥವನ್ನು ಹೆಚ್ಚುಕಡಿಮೆ ಸ್ಪಷ್ಟತೆಯ ಬೇರೆ ಬೇರೆ ದಾರಿಗಳಲ್ಲಿ ಹೇಳುವುದು ಹೇಗೆ ಎಂಬುದನ್ನು ವಿಚಾರಿಸುವ ಭಾಗಕ್ಕೆ ಅಲ್ಲಿ ‘ಇಲ್ಮುಲ್ ಬಯಾನ್’ ಎಂದು ಹೆಸರು. ಈ ಅಧ್ಯಾಯ ಅದನ್ನು ಕುರಿತದ್ದು.

ಹುಬ್ಬಳ್ಳಿ-ಧಾರವಾಡದ ಕಡೆಯ ವಿದ್ಯಾರ್ಥಿ ಇಲ್ಲಿಗೆ ಬರಿಗೈಯಲ್ಲಿ ಬರುವುದಿಲ್ಲ. ಶಾಲೆಯಲ್ಲಿ ಕನ್ನಡ ವ್ಯಾಕರಣ ಓದಿದವರಿಗೆ ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂಬ ನಾಲ್ಕು ಅಂಗಗಳು ಬಾಯಿಪಾಠ ಆಗಿರುತ್ತವೆ. ಅರಬ್ಬಿಯ ತಶ್ಬೀಹ್‌ಗೂ ಅಂಗಗಳು ನಾಲ್ಕೇ: ಮುಶಬ್ಬಹ್, ಮುಶಬ್ಬಹ್ ಬಿಹಿ, ಅದಾತ್, ವಜ್ಹುಶ್ ಶಬಹ್. ‘ಖಾಲಿದುನ್ ಕಲ್ ಅಸದಿ ಫಿಶ್ಶಜಾಅತಿ’, ಖಾಲಿದ ಧೈರ್ಯದಲ್ಲಿ ಸಿಂಹದ ಹಾಗೆ. ಖಾಲಿದ ಉಪಮೇಯ, ಸಿಂಹ ಉಪಮಾನ, ‘ಕ’ ಎಂಬ ಒಂದಕ್ಷರ ವಾಚಕ, ಧೈರ್ಯ ಸಮಾನಧರ್ಮ. ಇಲ್ಲಿಯವರೆಗೆ ಯಾರಿಗೂ ತೊಡಕಿಲ್ಲ.

ತೊಡಕು ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ‘ಹಾಗೆ’ ಎಂಬುದನ್ನೂ ‘ಧೈರ್ಯ’ವನ್ನೂ ತೆಗೆದುಹಾಕಿ ‘ಖಾಲಿದುನ್ ಅಸದುನ್’, ಖಾಲಿದ ಸಿಂಹ, ಎನ್ನೋಣ. ಕನ್ನಡದಲ್ಲಿ ಓದಿದವರು ತಡಮಾಡದೆ ಇದು ರೂಪಕ ಎನ್ನುತ್ತಾರೆ. ಹಾಗಾದರೆ ಅರಬ್ಬಿಯಲ್ಲಿ ಇಸ್ತಿಆರಾ ಇರಬೇಕು ಎಂದು ಬರೆದುಬಿಡುತ್ತಾರೆ. ಬಲಾಗಾದ ಬಹುಪಾಲು ಪಂಡಿತರು ಇದನ್ನು ಒಪ್ಪುವುದಿಲ್ಲ. ಅವರ ಲೆಕ್ಕದಲ್ಲಿ ಇದು ಇನ್ನೂ ತಶ್ಬೀಹೇ, ಅದರ ಅತ್ಯಂತ ಬಿಗಿಯಾದ ರೂಪ, ತಶ್ಬೀಹ್ ಬಲೀಗ್. ಹೋಲಿಸಿದ ಎರಡೂ ವಸ್ತುಗಳು ವಾಕ್ಯದಲ್ಲಿ ಎದುರುಬದುರು ಇರುವ ತನಕ ಹೋಲಿಕೆ ಹೋಲಿಕೆಯಾಗಿಯೇ ಉಳಿಯುತ್ತದೆ, ಯಾವ ಪದವೂ ತನ್ನ ಅರ್ಥ ಬಿಟ್ಟು ಕದಲಿಲ್ಲ ಎಂಬುದು ಅವರ ವಾದ.

ಇಸ್ತಿಆರಾ ಆಗಬೇಕಾದರೆ ಎರಡರಲ್ಲಿ ಒಂದು ಪೂರ್ತಿ ಮರೆಯಾಗಬೇಕು. ‘ರಐತು ಅಸದನ್ ಯಖ್ತುಬು ಅಲಲ್ ಮಿಂಬರಿ’, ಮಿಂಬರಿನ ಮೇಲೆ ಭಾಷಣ ಮಾಡುವ ಸಿಂಹವನ್ನು ಕಂಡೆ. ಇಲ್ಲಿ ಖಾಲಿದನ ಹೆಸರೇ ಇಲ್ಲ. ಸಿಂಹ ಎಂಬ ಪದವೇ ಅವನ ಜಾಗದಲ್ಲಿ ಕೂತಿದೆ. ಸಂಸ್ಕೃತ-ಕನ್ನಡ ಆಲಂಕಾರಿಕರ ಪಟ್ಟಿಯಲ್ಲಿ ಇದಕ್ಕೆ ಹತ್ತಿರದ್ದು ರೂಪಕವಲ್ಲ, ಉಪಮಾನವೊಂದೇ ಉಳಿದು ಉಪಮೇಯವನ್ನು ನುಂಗಿಬಿಡುವ ಅತಿಶಯೋಕ್ತಿ. ರೂಪಕಕ್ಕೆ ಸರಿಹೊಂದುವುದು ತಶ್ಬೀಹ್ ಬಲೀಗ್. ಈ ಒಂದು ಹೊಂದಾಣಿಕೆ ತಪ್ಪಿದರೆ ಮುಂದಿನ ವಿಂಗಡಣೆಯೆಲ್ಲ ಒಂದೊಂದು ಮನೆ ಸರಿದುಹೋಗುತ್ತದೆ.

ಇಸ್ತಿಆರಾದ ಇನ್ನೊಂದು ಬಗೆಯಲ್ಲಿ ಮರೆಯಾಗುವುದು ಉಪಮಾನ. ‘ಕಶ್ಶರಲ್ ಜದ್ಬು ಅನ್ ಅನ್ಯಾಬಿಹಿ’, ಬರಗಾಲ ಕೋರೆಹಲ್ಲು ತೆರೆಯಿತು. ಬರಗಾಲ ತಾನೇ ಎದುರಿಗಿದೆ, ಮೃಗದ ಹೆಸರಿಲ್ಲ. ಆದರೆ ಮೃಗದ ಹಲ್ಲನ್ನು ಬರಗಾಲಕ್ಕೆ ಹಚ್ಚಿದ್ದರಿಂದ ಮೃಗ ಅಲ್ಲೇ ಹೊಂಚಿ ಕೂತಿದೆ ಎಂದು ಗೊತ್ತಾಗುತ್ತದೆ. ಮೊದಲನೆಯದು ತಸ್ರೀಹಿಯ್ಯಾ, ಉಪಮಾನವನ್ನು ಬಾಯಿಬಿಟ್ಟು ಹೇಳಿದ್ದು. ಎರಡನೆಯದು ಮಕ್ನಿಯ್ಯಾ, ಮುಚ್ಚಿಟ್ಟದ್ದು.

ಇದನ್ನೆಲ್ಲ ಬರಿಯ ಹೆಸರುಗಳ ಆಟವಾಗದಂತೆ ಮಾಡಿದವರಲ್ಲಿ ಮುಖ್ಯ ಅಬ್ದುಲ್ ಕಾಹಿರ್ ಅಲ್ ಜುರ್ಜಾನೀ. ಕ್ಯಾಸ್ಪಿಯನ್ ಸಮುದ್ರದ ಹತ್ತಿರದ ಜುರ್ಜಾನ್‌ನವನು, ತೀರಿಕೊಂಡದ್ದು 1078ರ ಸುಮಾರಿಗೆ. ಕಾಶ್ಮೀರದ ಮಮ್ಮಟನೂ ಅದೇ 11ನೇ ಶತಮಾನದವನು. ಇಸ್ತಿಆರಾದಲ್ಲಿ ಪದವೊಂದನ್ನು ಎತ್ತಿ ಬೇರೆಡೆ ಇಡುವುದಷ್ಟೇ ನಡೆಯುವುದಿಲ್ಲ, ಆ ಮನುಷ್ಯ ನಿಜವಾಗಿ ಸಿಂಹಜಾತಿಗೇ ಸೇರಿದವನು ಎಂಬ ದಾವೆಯನ್ನು ಮಾತಾಡುವವನು ಹೂಡುತ್ತಾನೆ ಎಂದು ಜುರ್ಜಾನೀ ವಾದಿಸಿದ. ನನಗೆ ಈ ವಿಷಯದಲ್ಲಿ ಅತ್ಯಂತ ಉಪಯುಕ್ತವಾಗಿ ಕಂಡ ಮಾತು ಇದೇ. ಇಸ್ತಿಆರಾ ಉಪಮೆಗಿಂತ ಯಾಕೆ ಗಟ್ಟಿ ಎಂಬುದಕ್ಕೆ ‘ಚಂದ ಕೇಳಿಸುತ್ತದೆ’ ಎಂಬ ಉತ್ತರ ಸಾಲದು. ಉಪಮೆ ಹೋಲಿಕೆಯಲ್ಲಿ ನಿಲ್ಲುತ್ತದೆ, ಇಸ್ತಿಆರಾ ಹಕ್ಕು ಸ್ಥಾಪಿಸುತ್ತದೆ.

ಆದರೆ ಪದ ತನ್ನ ಜಾಗ ಬಿಟ್ಟು ಹೋಗಲು ಹೋಲಿಕೆಯೇ ಬೇಕೆಂದಿಲ್ಲ. ‘ರಅತಿಲ್ ಮಾಶಿಯತುಲ್ ಗೈಸ’, ದನಗಳು ಮಳೆಯನ್ನು ಮೇಯ್ದವು. ಮೇಯ್ದದ್ದು ಹುಲ್ಲು, ಹೇಳಿದ್ದು ಮಳೆ. ಮಳೆಗೂ ಹುಲ್ಲಿಗೂ ಹೋಲಿಕೆ ಏನೂ ಇಲ್ಲ, ಒಂದು ಇನ್ನೊಂದಕ್ಕೆ ಕಾರಣ ಅಷ್ಟೇ. ಹೀಗೆ ಹೋಲಿಕೆಯನ್ನು ಬಿಟ್ಟು ಬೇರೆ ಸಂಬಂಧದ ಮೇಲೆ ನಿಂತದ್ದು ಮಜಾಝ್ ಮುರ್ಸಲ್. ಭಾರತೀಯ ಕಾವ್ಯಮೀಮಾಂಸೆಯಲ್ಲಿ ಲಕ್ಷಣಾವೃತ್ತಿಯನ್ನು ಓದಿದವರಿಗೆ ಇದು ಪರಿಚಿತ ಹಾದಿ. ಸಾದೃಶ್ಯದ ಮೇಲೆ ನಿಂತದ್ದು ಗೌಣೀ, ಬೇರೆ ಸಂಬಂಧದ ಮೇಲೆ ನಿಂತದ್ದು ಶುದ್ಧಾ. ಗಂಗೆಯಲ್ಲಿ ಹಟ್ಟಿ ಎಂದರೆ ಗಂಗೆಯ ದಡದಲ್ಲಿ ಹಟ್ಟಿ ಎಂದು ತಿಳಿಯುವ ಹಳೆಯ ಉದಾಹರಣೆ ಶುದ್ಧಾ ಲಕ್ಷಣೆಯದು. ಅರಬ್ಬರು ಮಾಡಿದ ವಿಂಗಡಣೆಯೂ ಸರಿಯಾಗಿ ಇಲ್ಲಿಯೇ ಬೀಳುತ್ತದೆ.

ಸಂಬಂಧಕ್ಕೆ ಅವರು ಅಲಾಕಾ ಎನ್ನುತ್ತಾರೆ. ಮೂಲ ಅರ್ಥವನ್ನು ತಡೆದು ನಿಲ್ಲಿಸುವ ಸುಳಿವಿಗೆ ಕರೀನಾ. ‘ಮೇಯ್ದವು’ ಎಂಬ ಕ್ರಿಯಾಪದವೇ ಇಲ್ಲಿ ಕರೀನಾ, ಮಳೆಯನ್ನು ಯಾವ ದನವೂ ಮೇಯುವುದಿಲ್ಲವಲ್ಲ. ಯಾವುದೇ ವಾಕ್ಯ ಎದುರಾದಾಗ ಕೇಳಬೇಕಾದ್ದು ಇವೆರಡನ್ನೇ: ಪದವನ್ನು ಅದರ ಅರ್ಥದಲ್ಲಿ ನಿಲ್ಲಗೊಡದೆ ಇರುವ ಸುಳಿವು ಯಾವುದು, ಹೊಸ ಅರ್ಥಕ್ಕೂ ಹಳೆಯದಕ್ಕೂ ಏನು ಸಂಬಂಧ.

ಸಂಬಂಧ ಇದ್ದ ಮಾತ್ರಕ್ಕೆ ಏನು ಬೇಕಾದರೂ ಹೇಳಬಹುದು ಎಂದಲ್ಲ. ‘ಬಸ್ಸಲ್ ಕಾಇದು ಉಯೂನಹು’, ಸೇನಾಪತಿ ತನ್ನ ಕಣ್ಣುಗಳನ್ನು ಊರೆಲ್ಲ ಹರಡಿದ. ಕಣ್ಣು ಎಂದರೆ ಗೂಢಚಾರ, ಭಾಗವನ್ನು ಹೇಳಿ ಇಡೀ ಮನುಷ್ಯನನ್ನು ಸೂಚಿಸಿದ್ದು. ಮೂಗೂ ಮನುಷ್ಯನ ಭಾಗವೇ, ಆದರೂ ‘ಮೂಗುಗಳನ್ನು ಹರಡಿದ’ ಎಂದರೆ ಗೂಢಚಾರ ಎಂಬ ಅರ್ಥ ಬರುವುದಿಲ್ಲ. ಯಾವ ಕೆಲಸದ ಮಾತು ನಡೆದಿದೆಯೋ ಆ ಕೆಲಸ ಯಾವ ಅಂಗದಿಂದ ನಡೆಯುತ್ತದೆಯೋ ಆ ಅಂಗವೇ ಬೇಕು. ಕಳೆ ತೆಗೆಯುವ ಹೊತ್ತಿಗೆ ‘ಇನ್ನ ನಾಲ್ಕ ಕೈ ಬೇಕ್ರಿ’ ಎನ್ನುವ ರೈತ ಕೈ ಎನ್ನುತ್ತಾನೆ, ಕಿವಿ ಎನ್ನುವುದಿಲ್ಲ.

ಈಗ ಒಂದು ವಾಕ್ಯವನ್ನು ಬಿಡಿಸಿ ನೋಡೋಣ. ‘ದಹಿಕತಿಲ್ ಮದೀನತು’, ಪಟ್ಟಣ ನಕ್ಕಿತು. ಪಟ್ಟಣ ಎಂದರೆ ಧಾರವಾಡ ಎಂದುಕೊಳ್ಳಿ. ಮಣ್ಣುಕಲ್ಲಿನ ಊರು ನಗುವುದಿಲ್ಲ, ಆದ್ದರಿಂದ ಸುಳಿವು ಸಿಕ್ಕಿತು. ಸಂಬಂಧ? ಇದಕ್ಕೆ ಈ ಎರಡೇ ಪದಗಳಲ್ಲಿ ಉತ್ತರ ಇಲ್ಲ. ಹಿಂದಿನ ವಾಕ್ಯದಲ್ಲಿ ‘ಆ ಸುದ್ದಿ ಸಂತೆಯಲ್ಲಿ ಹಬ್ಬಿತು’ ಎಂದಿದ್ದರೆ ನಕ್ಕದ್ದು ಊರಿನ ಜನ. ಸ್ಥಳವನ್ನು ಹೇಳಿ ಅಲ್ಲಿರುವವರನ್ನು ಸೂಚಿಸಿದ ಮಜಾಝ್ ಮುರ್ಸಲ್ ಅದು. ‘ಮೊದಲ ಮಳೆ ಬಿದ್ದು ಗಿಡಗಳು ಚಿಗುರಿದವು’ ಎಂದಿದ್ದರೆ ಊರನ್ನೇ ಮನುಷ್ಯನಿಗೆ ಹೋಲಿಸಿ, ಮನುಷ್ಯನ ಹೆಸರು ಮುಚ್ಚಿ, ಅವನ ನಗುವನ್ನು ಊರಿಗೆ ಕೊಟ್ಟಿದ್ದಾರೆ. ಅದು ಇಸ್ತಿಆರಾ ಮಕ್ನಿಯ್ಯಾ. ಪದ್ಯದಲ್ಲಿ ಎಷ್ಟೋ ಸಲ ಒಂದು ಬೈತಿನೊಳಗೇ ಲೆಕ್ಕ ಮುಗಿಯುತ್ತದೆ. ಗದ್ಯದಲ್ಲಿ ಸುಳಿವು ನಾಲ್ಕು ಸಾಲು ಹಿಂದೆ ಇರಬಹುದು. ವಾಕ್ಯವನ್ನು ಕಿತ್ತು ತಂದು ಪ್ರಶ್ನೆಪತ್ರಿಕೆಯಲ್ಲಿ ಇಟ್ಟಾಗ ವಿದ್ಯಾರ್ಥಿಗಳು ಎಡವುವುದು ಇದರಿಂದಲೇ.

ಮಜಾಝ್ ಪದದಲ್ಲಿ ಇಲ್ಲದೆ ಕರ್ತೃ-ಕ್ರಿಯೆಗಳ ನಂಟಿನಲ್ಲೂ ಇರುತ್ತದೆ. ಬೀದರಿನ ಮದರಸಾವನ್ನು 1472ರಲ್ಲಿ ಮಹಮೂದ್ ಗವಾನ್ ಕಟ್ಟಿದ ಎನ್ನುತ್ತೇವೆ. ಗವಾನನೂ ನಿಜ, ಕಟ್ಟುವುದೂ ನಿಜ, ಪದ ಯಾವುದೂ ಅರ್ಥ ಬದಲಿಸಿಲ್ಲ. ಗಾರೆ ಕಲಸಿದವರು ಮಾತ್ರ ಬೇರೆ. ಕಟ್ಟಿಸಿದವನಿಗೆ ಕಟ್ಟುವ ಕ್ರಿಯೆಯನ್ನು ಹಚ್ಚಿದ ಇಂಥದ್ದು ಮಜಾಝ್ ಅಕ್ಲೀ. ಬಲಾಗಾದ ಪುಸ್ತಕಗಳಲ್ಲಿ ‘ಅಮೀರ ಪಟ್ಟಣ ಕಟ್ಟಿದ’ ಎಂಬ ಉದಾಹರಣೆ ಬರುವುದು ಇದಕ್ಕೇ. ಈ ಗವಾನನೇ ಪತ್ರ ಬರೆಯುವ ಕಲೆಯ ಮೇಲೆ ‘ಮನಾಝಿರುಲ್ ಇನ್ಶಾ’ ಎಂಬ ಫಾರಸಿ ಕೈಪಿಡಿಯನ್ನು ರಚಿಸಿದ. ಇಂಥ ವಿಂಗಡಣೆಗಳು ನಮ್ಮ ನಾಡಿನ ದರಬಾರಿನ ದಿನದ ಕೆಲಸದಲ್ಲೂ ಬೇಕಾಗಿದ್ದವು.

ಕಿನಾಯಾ ಇವೆಲ್ಲಕ್ಕಿಂತ ಬೇರೆ. ‘ಕಸೀರುರ್ ರಮಾದ್’, ಬೂದಿ ಬಹಳ ಇರುವವನು. ಬಹಳ ಬೂದಿ ಎಂದರೆ ಬಹಳ ಉರಿ, ಬಹಳ ಅಡಿಗೆ, ಬಹಳ ಅತಿಥಿಗಳು. ಕಡೆಗೆ ಅರ್ಥ ಉದಾರಿ. ಆದರೆ ಅವನ ಮನೆಯಲ್ಲಿ ನಿಜಕ್ಕೂ ಬೂದಿ ರಾಶಿ ಇರಬಹುದು, ಅದನ್ನು ತಡೆಯುವ ಕರೀನಾ ಇಲ್ಲ. ಮೂಲ ಅರ್ಥವೂ ಉಳಿಯಬಲ್ಲದು ಎಂಬುದೇ ಕಿನಾಯಾ ಮತ್ತು ಮಜಾಝ್‌ಗಳ ನಡುವಿನ ಗೆರೆ. ‘ಅವರ ಮನ್ಯಾಗ ಒಲಿ ಆರೂದಿಲ್ಲ’ ಎಂಬ ನಮ್ಮ ಕಡೆಯ ಮಾತು ಇದೇ ಜಾತಿಯದು.

ಅರಬ್ಬಿ ಗದ್ಯದ ಮೊದಲ ದೊಡ್ಡ ಪುಸ್ತಕಗಳಲ್ಲಿ ಒಂದಾದ ‘ಕಲೀಲಾ ವ ದಿಮ್ನಾ’ ಕನ್ನಡಿಗರಿಗೆ ದೂರದ್ದಲ್ಲ. ಪಂಚತಂತ್ರದ ಕರಟಕ-ದಮನಕರೇ ಅಲ್ಲಿ ಕಲೀಲಾ-ದಿಮ್ನಾ. ಇಬ್ನುಲ್ ಮುಕಫ್ಫಾ ಅದನ್ನು 8ನೇ ಶತಮಾನದಲ್ಲಿ ಪಹ್ಲವಿಯಿಂದ ಅರಬ್ಬಿಗೆ ತಂದ. ಕನ್ನಡದಲ್ಲಿ ಪಂಚತಂತ್ರ ಬರೆದ ದುರ್ಗಸಿಂಹ 1031ರ ಸುಮಾರಿನವನು, ಹಳೆಯ ಧಾರವಾಡ ಜಿಲ್ಲೆಯೊಳಗಿದ್ದ, ಈಗ ಗದಗ ಜಿಲ್ಲೆಗೆ ಸೇರಿದ ಸವಡಿಯವನು.

ಆ ಕತೆಯಲ್ಲಿ ಸಿಂಹ ಮಾತಾಡುತ್ತದೆ. ಮಿಂಬರಿನ ಸಿಂಹದ ಪಾಠ ಈಗಷ್ಟೇ ಕಲಿತವರು ಮಾತಾಡುವುದನ್ನೇ ಸುಳಿವು ಎಂದು ಹಿಡಿದು, ಸಿಂಹ ಎಂದರೆ ಅರಸ, ಆದ್ದರಿಂದ ಇಸ್ತಿಆರಾ ಎಂದು ಬರೆಯುತ್ತಾರೆ. ಅದು ಸಲ್ಲದು. ಕತೆಯ ಲೋಕದಲ್ಲಿ ಮೃಗಗಳು ಮಾತಾಡುವುದು ಸಹಜ, ಅಲ್ಲಿ ಆ ಸಿಂಹ ಕಾಡಿನಲ್ಲಿದ್ದು ಎತ್ತಿನ ಗುಟುರಿಗೆ ಬೆಚ್ಚುವ ಸಿಂಹವೇ. ಪದ ತನ್ನ ಅರ್ಥದಲ್ಲೇ ಇದೆ. ಅರಸು-ಮಂತ್ರಿಗಳ ಕಡೆ ಬೆರಳು ತೋರುವುದು ಒಂದು ಪದವಲ್ಲ, ಇಡೀ ಕತೆ. ಆದರೆ ಆ ಕತೆ ಓದಿದ ಒಬ್ಬ ಕಾರಕೂನ ಚಾಡಿ ಹೇಳುವ ಸಹೋದ್ಯೋಗಿಗೆ ‘ಸಿಂಹವನ್ನು ಎತ್ತಿನ ಮೇಲೆ ಛೂ ಬಿಡಬೇಡ’ ಎಂದು ಚೀಟಿ ಬರೆದರೆ ಲೆಕ್ಕ ಬದಲಾಗುತ್ತದೆ. ಕಚೇರಿಯಲ್ಲಿ ಸಿಂಹವೂ ಇಲ್ಲ, ಎತ್ತೂ ಇಲ್ಲ. ಒಂದು ಸನ್ನಿವೇಶ ಪೂರ್ತಿಯಾಗಿ ಇನ್ನೊಂದರ ಜಾಗಕ್ಕೆ ಬಂದಿದೆ. ಅದು ಇಸ್ತಿಆರಾ ತಮ್ಸೀಲಿಯ್ಯಾ.

ಗಾದೆಗಳು ಕೆಲಸ ಮಾಡುವುದೂ ಹೀಗೆಯೇ, ಮತ್ತು ಇದರಿಂದ ಒಂದು ವ್ಯಾಕರಣದ ಕಟ್ಟಳೆ ಹುಟ್ಟುತ್ತದೆ. ‘ಅಸ್ಸೈಫ ದಯ್ಯಅತಿಲ್ ಲಬನ’, ಬೇಸಿಗೆಯಲ್ಲೇ ಹಾಲು ಕಳೆದುಕೊಂಡೆ, ಎಂಬುದು ಅವಕಾಶ ಕೈಬಿಟ್ಟು ಆಮೇಲೆ ಕೇಳಲು ಬಂದವರಿಗೆ ಹೇಳುವ ಗಾದೆ. ಮೊದಲು ಅದನ್ನು ಹೇಳಿದ್ದು ಒಬ್ಬ ಹೆಣ್ಣಿಗೆ, ಹಾಗಾಗಿ ಕ್ರಿಯಾಪದ ಸ್ತ್ರೀಲಿಂಗದಲ್ಲಿದೆ. ಗಂಡಸಿಗೆ ಹೇಳುವಾಗ ‘ದಯ್ಯಅತ’ ಎಂದು ತಿದ್ದುವ ವಿದ್ಯಾರ್ಥಿ ನಹ್ವ್ ಪ್ರಕಾರ ಸರಿ, ಬಲಾಗಾ ಪ್ರಕಾರ ತಪ್ಪು. ಎರವಲು ತಂದದ್ದು ಇಡೀ ಸನ್ನಿವೇಶವನ್ನು, ಅದರೊಳಗಿನ ಹೆಣ್ಣನ್ನೂ ಸೇರಿಸಿ. ಒಬ್ಬನಿಗೆ ಹೇಳಿ, ಹತ್ತು ಜನರಿಗೆ ಹೇಳಿ, ರೂಪ ಅದೇ ಇರಬೇಕು. ‘ಅಜ್ಜಿಗೆ ಅರಿವೆ ಚಿಂತೆ’ ಎಂದು ಇಬ್ಬರು ಗಂಡಸರ ನಡುವೆ ಹೇಳುವಾಗ ನಾವೂ ಅದನ್ನು ಅಜ್ಜ ಎಂದು ತಿದ್ದುವುದಿಲ್ಲ.